ಆಡಿಟ್ ಮುಗಿದಾಗ ಕೊಡುವ ದೃಢೀಕರಣ ಪತ್ರ: ಸಹಿ ಮಾಡುವ ನಿರ್ದೇಶಕರಿಗೆ ಟಿಪ್ಪಣಿ ಸಹಿತ ಪ್ರತಿ

ಕುಶಾಲನಗರ
28-8-2025

ಇವರಿಗೆ,
ಶಾಸನಬದ್ಧ ಲೆಕ್ಕಪರಿಶೋಧಕರು,
ಮಡಿಕೇರಿ

ಮಾನ್ಯರೇ,

31-3-2025ಕ್ಕೆ ಮುಗಿದ ವರ್ಷಕ್ಕೆ ನಮ್ಮ ಕಾಫಿ ಕ್ಯೂರಿಂಗ್ ಕಂಪನಿಯ ಲೆಕ್ಕಗಳನ್ನು ನೀವು ಪರಿಶೋಧಿಸಿದ್ದೀರಿ. ಸಂಬಂಧಪಟ್ಟವರನ್ನೆಲ್ಲ ವಿಚಾರಿಸಿ, ನಮಗೆ ತಿಳಿದ ಮಟ್ಟಿಗೆ ಈ ಕೆಳಗಿನಂತೆ ದೃಢೀಕರಿಸುತ್ತೇವೆ.

ಟಿಪ್ಪಣಿ: ಪತ್ರದ ತಾರೀಖು ಆಡಿಟ್ ವರದಿಯದ್ದೇ ಆಗಿರಬೇಕು ಅಥವಾ ಅದಕ್ಕೆ ತೀರಾ ಹತ್ತಿರವಿರಬೇಕು, ವರದಿಯ ನಂತರದ್ದಂತೂ ಆಗಕೂಡದು. ಜುಲೈಯಲ್ಲೇ ಸಹಿ ಹಾಕಿಟ್ಟರೆ, ಅಲ್ಲಿಂದ ವರದಿಯವರೆಗಿನ ದಿನಗಳಿಗೆ ಯಾರೂ ಜವಾಬ್ದಾರಿ ಹೊತ್ತಂತಾಗುವುದಿಲ್ಲ.

1. ಕಂಪನಿಗಳ ಕಾಯ್ದೆ, 2013 ಹಾಗೂ ಅನ್ವಯವಾಗುವ ಲೆಕ್ಕಪತ್ರ ಮಾನದಂಡಗಳ ಪ್ರಕಾರ ಲೆಕ್ಕಪಟ್ಟಿಗಳನ್ನು ತಯಾರಿಸುವ ಹೊಣೆ ನಮ್ಮದು. ಅದನ್ನು ನಿರ್ವಹಿಸಿದ್ದೇವೆ.

2. ಎಲ್ಲ ಪುಸ್ತಕ, ವೋಚರ್, ಸಭಾ ನಡಾವಳಿಗಳನ್ನು ನಿಮಗೆ ಒದಗಿಸಿದ್ದೇವೆ. ವ್ಯವಹಾರಗಳೆಲ್ಲ ಪುಸ್ತಕಕ್ಕೆ ಏರಿವೆ.

ಟಿಪ್ಪಣಿ: ಈ ಎರಡು ಕಲಮುಗಳಲ್ಲಿ ಚೌಕಾಸಿಗೆ ಜಾಗವಿಲ್ಲ. ಇವನ್ನು ಕೊಡಲು ಒಪ್ಪದಿದ್ದರೆ, ಲೆಕ್ಕಪರಿಶೋಧನಾ ಮಾನದಂಡ ಎಸ್‌ಎ 580ರ ಪ್ರಕಾರ ಆಡಿಟರ್ ಅಭಿಪ್ರಾಯ ನೀಡುವುದನ್ನೇ ನಿರಾಕರಿಸಬೇಕಾಗುತ್ತದೆ. ಅಂಥ ವರದಿ ಹಿಡಿದು ಬ್ಯಾಂಕಿಗೆ ಹೋದರೆ ಸಾಲದ ನವೀಕರಣ ಕಷ್ಟ.

3. 31-3-2025ರಂದು ಗೋದಾಮಿನಲ್ಲಿ 50 ಕೆಜಿಯ 4,180 ಮೂಟೆ ಇದ್ದವು. ಅವುಗಳಲ್ಲಿ 1,640 ಕಂಪನಿಯವು. ಉಳಿದ 2,540 ಮೂಟೆ ಕ್ಯೂರಿಂಗ್‌ಗೆಂದು ಬೆಳೆಗಾರರು ತಂದಿಟ್ಟವು, ನಮ್ಮ ದಾಸ್ತಾನಿನಲ್ಲಿ ಸೇರಿಲ್ಲ. ನಮ್ಮ ದಾಸ್ತಾನನ್ನು ವೆಚ್ಚ ಅಥವಾ ನಿವ್ವಳ ಮಾರಾಟ ಮೌಲ್ಯ, ಯಾವುದು ಕಡಿಮೆಯೋ ಅದರಂತೆ ಲೆಕ್ಕಿಸಿದ್ದೇವೆ.

ಟಿಪ್ಪಣಿ: ಕ್ಯೂರಿಂಗ್ ವರ್ಕ್ಸ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಎಡವುವುದು ಇಲ್ಲೇ. ಅಟ್ಟಿಯಲ್ಲಿ ಎಲ್ಲ ಮೂಟೆಯೂ ಒಂದೇ ಥರ ಕಾಣುತ್ತವೆ. ಯಾರದ್ದೆಂದು ಹೇಳುವುದು ಲಾಟ್ ಚೀಟಿ ಮತ್ತು ರಸೀದಿ ಪುಸ್ತಕ ಮಾತ್ರ. ಪುಸ್ತಕದ ಸರಾಸರಿ ವೆಚ್ಚ ಮೂಟೆಗೆ ₹10,500. ಬೆಳೆಗಾರರ 100 ಮೂಟೆ ನಮ್ಮ ಪಟ್ಟಿಗೆ ಸೇರಿದರೆ ಲಾಭ ₹10.5 ಲಕ್ಷ ಸುಳ್ಳಾಗಿ ಏರುತ್ತದೆ. ಈ ಕಲಮಿದ್ದರೂ ಮೂಟೆ ಎಣಿಸುವುದನ್ನು ಬಿಡುವಂತಿಲ್ಲ. ಎಣಿಕೆಯೇ ಸಾಕ್ಷ್ಯ, ಪತ್ರ ಅದಕ್ಕೆ ಪೂರಕವಷ್ಟೇ. ಎರಡೂ ತಾಳೆಯಾಗದಿದ್ದರೆ ಪತ್ರದ ಉಳಿದ ಕಲಮುಗಳ ಮೇಲೂ ಸಂಶಯ ಬೀಳುತ್ತದೆ.

4. ಫೆಬ್ರವರಿಯಲ್ಲಿ ಗೋದಾಮಿನ ತೂಕದಲ್ಲಿ 9 ಮೂಟೆ ಕಡಿಮೆ ಬಂದದ್ದನ್ನೂ, ಅದರ ವಿಚಾರಣಾ ಕಡತವನ್ನೂ ನಿಮಗೆ ಕೊಟ್ಟಿದ್ದೇವೆ. ಇದರ ಹೊರತು ಆಡಳಿತದವರಿಂದಾಗಲಿ ನೌಕರರಿಂದಾಗಲಿ ನಡೆದ ವಂಚನೆ, ಅಂಥ ಸಂಶಯ ಅಥವಾ ದೂರು ನಮ್ಮ ಗಮನಕ್ಕೆ ಬಂದಿಲ್ಲ.

ಟಿಪ್ಪಣಿ: ‘ವಂಚನೆ ಇಲ್ಲ’ ಎಂದು ಸಾರಾಸಗಟಾಗಿ ಬರೆಯಬೇಡಿ. ನಿಮ್ಮಿಂದ ಬೇಕಿರುವುದು ನಿಮಗೆ ಗೊತ್ತಿರುವುದು, ಸಂಶಯವೂ ಸೇರಿ. ಮೊತ್ತ ಸಣ್ಣದೆಂದು ಬಿಟ್ಟದ್ದು ಮುಂದೆ ಮುಚ್ಚಿಟ್ಟದ್ದಾಗಿ ಕಾಣುತ್ತದೆ.

5. ಸಂಬಂಧಿತ ಪಕ್ಷಗಳ ಪಟ್ಟಿ ಪೂರ್ಣವಾಗಿದೆ. ವ್ಯವಸ್ಥಾಪಕ ನಿರ್ದೇಶಕರ ತಮ್ಮನ ತೋಟದಿಂದ 312 ಮೂಟೆ ಚೆರ್ರಿ ಖರೀದಿಸಿದ್ದನ್ನೂ, ನಿರ್ದೇಶಕರೊಬ್ಬರು ಶೇ 9ರ ಬಡ್ಡಿಗೆ ಕೊಟ್ಟ ₹15 ಲಕ್ಷ ಸಾಲವನ್ನೂ ತೋರಿಸಿದ್ದೇವೆ.

ಟಿಪ್ಪಣಿ: ಇಲ್ಲಿ ನೆಂಟಸ್ತಿಕೆ ಊರು ತುಂಬ. ಒಕ್ಕದವರೆಲ್ಲ, ಅಂದರೆ ಇಡೀ ಮನೆತನದವರು, ಪಟ್ಟಿಗೆ ಬರುವುದಿಲ್ಲ, ಆದರೆ ಒಡಹುಟ್ಟಿದವರು ಬರುತ್ತಾರೆ. ಮಾರುಕಟ್ಟೆ ದರಕ್ಕೇ ಕೊಂಡರೂ ತೋರಿಸಬೇಕು. ಪಟ್ಟಿಯಲ್ಲಿಲ್ಲದ ಹೆಸರನ್ನು ಆಡಿಟರ್ ಖರೀದಿ ಪುಸ್ತಕದಿಂದ ಹುಡುಕಿ ತೆಗೆಯುವುದು ಕಷ್ಟ. ಅದಕ್ಕೇ ಈ ಕಲಮಿಗೆ ತೂಕ ಹೆಚ್ಚು.

6. ಗ್ರಾಚ್ಯುಟಿ ಬಗ್ಗೆ ಬಾಕಿ ಇರುವ ₹3.2 ಲಕ್ಷದ ಒಂದು ದಾವೆ ಬಿಟ್ಟರೆ ಬೇರೆ ವ್ಯಾಜ್ಯಗಳಿಲ್ಲ. ವಕೀಲರ ಅಭಿಪ್ರಾಯ ಪತ್ರ ಕೊಟ್ಟಿದ್ದೇವೆ.

7. ಲೆಕ್ಕದ ಸಾಫ್ಟ್‌ವೇರ್‌ನ ಎಡಿಟ್ ಲಾಗ್ ವರ್ಷವಿಡೀ ಚಾಲೂ ಇತ್ತು, ಅದನ್ನು ತಿದ್ದಿಲ್ಲ.

ಟಿಪ್ಪಣಿ: ಪುಸ್ತಕದ ಪ್ರತಿ ತಿದ್ದುಪಡಿಯನ್ನೂ ತಾರೀಖು ಸಮೇತ ದಾಖಲಿಸುವ ಈ ಲಾಗ್ 1-4-2023ರಿಂದ ಕಂಪನಿಗಳಿಗೆ ಕಡ್ಡಾಯ. ಸಹಿಗೆ ಮುನ್ನ ಅಕೌಂಟೆಂಟ್ ಹತ್ತಿರ ಸ್ಕ್ರೀನ್ ತೆರೆಸಿ ನೋಡಿ. ‘ಇತ್ತು’ ಎಂದು ಬಾಯಿಮಾತಲ್ಲಿ ಹೇಳಿದರೆ ಸಾಲದು.

8. ಜುಲೈ ಮಳೆಗೆ ಛಾವಣಿ ಸೋರಿ ನಮ್ಮ 60 ಮೂಟೆ ಹಾಳಾದವು. ಇದರ ಹೊರತು, ಲೆಕ್ಕಗಳಲ್ಲಿ ತಿದ್ದಬೇಕಾದ ಅಥವಾ ತಿಳಿಸಬೇಕಾದ ಯಾವ ಘಟನೆಯೂ ಮಾರ್ಚ್ 31ರ ನಂತರ ನಡೆದಿಲ್ಲ.

ಟಿಪ್ಪಣಿ: ಛಾವಣಿ ಸೋರಿದ್ದು ವರ್ಷ ಮುಗಿದ ಮೇಲೆ, ಹಾಗಾಗಿ ಮಾರ್ಚ್ ಲೆಕ್ಕ ಬದಲಾಗದು. ಅದೇ ಮೂಟೆಗಳಿಗೆ ಮಾರ್ಚ್‌ನಲ್ಲೇ ಬೂಷ್ಟು ಹಿಡಿದಿತ್ತೆಂದು ಈಗ ಗೊತ್ತಾದರೆ, ಮೌಲ್ಯ ಇಳಿಸಲೇಬೇಕು.

9. ಸರಿಪಡಿಸದೆ ಉಳಿದ ತಪ್ಪುಗಳು: ಬೋನಸ್ ಬಾಬ್ತು ₹64,000 ಕಡಿಮೆ, ಮಾರ್ಚ್ ವಿದ್ಯುತ್ ಬಿಲ್ ₹38,500 ಸೇರಿಲ್ಲ. ಒಟ್ಟು ₹1,02,500. ಒಂದೊಂದಾಗಿಯೂ ಒಟ್ಟಾಗಿಯೂ ಇವು ಲೆಕ್ಕಪಟ್ಟಿಗಳ ಮೇಲೆ ಗಣನೀಯ ಪರಿಣಾಮ ಬೀರವು ಎಂದು ನಂಬಿದ್ದೇವೆ.

ಟಿಪ್ಪಣಿ: ಎರಡೂ ಲಾಭವನ್ನು ಹೆಚ್ಚಿಸುವ ಕಡೆಗೇ ಇವೆ, ಗಮನಿಸಿ. ತಿದ್ದಲು ಎರಡೇ ಜರ್ನಲ್ ನಮೂದು ಸಾಕು. ತಿದ್ದಿಬಿಟ್ಟರೆ ಈ ಕಲಮೇ ಬೇಕಿಲ್ಲ.

10. ಮುಂದಿನ ಹನ್ನೆರಡು ತಿಂಗಳು ವ್ಯವಹಾರ ಮುಂದುವರಿಸುವ ಸಾಮರ್ಥ್ಯ ಕಂಪನಿಗಿದೆ. ಘಟಕ ಮುಚ್ಚುವ ಯೋಜನೆ ಇಲ್ಲ.

ತಮ್ಮ ವಿಶ್ವಾಸಿಗಳು,

(ಸಹಿ) ವ್ಯವಸ್ಥಾಪಕ ನಿರ್ದೇಶಕರು
(ಸಹಿ) ಹಣಕಾಸು ಮುಖ್ಯಸ್ಥರು

ಅಡಕ: ಸಂಬಂಧಿತ ಪಕ್ಷಗಳ ಪಟ್ಟಿ, ಸರಿಪಡಿಸದ ತಪ್ಪುಗಳ ಪಟ್ಟಿ