ವಿಷಯ: ತರಗತಿ ಪ್ರಾಜೆಕ್ಟ್‌ಗಾಗಿ ಅರ್ಚಕರನ್ನು ಸಂದರ್ಶಿಸಲು ಅನುಮತಿ ಕೋರಿ

ಗೆ,
ಆಡಳಿತಾಧಿಕಾರಿಗಳು,
ಶ್ರೀ ಮಹಾಲಿಂಗೇಶ್ವರ ದೇವಸ್ಥಾನ, ಪುತ್ತೂರು

ಮಾನ್ಯರೇ, ನಮಸ್ಕಾರ.

ನಾನು ಸ್ವಾತಿ, ಪುತ್ತೂರಿನ ವಿವೇಕಾನಂದ ಕಾಲೇಜಿನಲ್ಲಿ ಅಂತಿಮ ಬಿ.ಎ. ಪತ್ರಿಕೋದ್ಯಮ ಓದುತ್ತಿದ್ದೇನೆ. ದೇವರ ಬಲಿ ಉತ್ಸವದ ಬಗ್ಗೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಅದಕ್ಕಾಗಿ ಕ್ಷೇತ್ರದ ಅರ್ಚಕರ ಜೊತೆ ಮಾತನಾಡಲು ನಿಮ್ಮ ಅನುಮತಿ ಬೇಕಾಗಿದೆ.

ಏಪ್ರಿಲ್ 10ರ ಧ್ವಜಾರೋಹಣದಿಂದ 17ರ ಬ್ರಹ್ಮರಥೋತ್ಸವದವರೆಗೆ, ಮರುದಿನ ವೀರಮಂಗಲಕ್ಕೆ ಅವಭೃತದ ಸವಾರಿ ಹೊರಡುವವರೆಗೆ ಏನೇನು ನಡೆಯುತ್ತದೆ ಎಂದು ಪತ್ರಿಕೆಗಳು ಪ್ರತಿವರ್ಷ ಬರೆಯುತ್ತವೆ. ಆದರೆ ಬಲಿಮೂರ್ತಿಯನ್ನು ತಲೆಯ ಮೇಲೆ ಹೊತ್ತು, ಚೆಂಡೆಯ ಪೆಟ್ಟಿಗೆ ಸರಿಯಾಗಿ ಹೆಜ್ಜೆ ಹಾಕುವುದನ್ನು ಬ್ರಹ್ಮವಾಹಕರು ಕಲಿಯುವುದು ಹೇಗೆ? ಮೊದಲು ಹೊರುವ ದಿನ ಜೊತೆಗೆ ಯಾರು ಇರುತ್ತಾರೆ? ಉಡಿಕೆ ಸುತ್ತಿಗೂ ಚೆಂಡೆ ಸುತ್ತಿಗೂ ನಡಿಗೆ ಬೇರೆಯಾಗುವುದನ್ನು ಕಾಲು ಯಾವಾಗ ಹಿಡಿದುಕೊಳ್ಳುತ್ತದೆ? ನಾನು ಓದಿದ ಪುಸ್ತಕಗಳಲ್ಲಿ ಇದಕ್ಕೆ ಉತ್ತರ ಇಲ್ಲ. ಹೊತ್ತವರೇ ಹೇಳಬೇಕು. ಹಿರಿಯರು ಇರುವಾಗಲೇ ಕೇಳಿ ಬರೆದಿಡಬೇಕು ಎಂಬುದು ನನ್ನ ಆಸೆ.

ದೇವರನ್ನು ಹೊರುವ ಒಬ್ಬರು, ನಿತ್ಯಪೂಜೆ ಮಾಡುವ ಒಬ್ಬರು, ಈಗ ವಯಸ್ಸಾಗಿ ವಿಶ್ರಾಂತಿಯಲ್ಲಿರುವ ಹಿರಿಯರೊಬ್ಬರು ಸಿಕ್ಕಿದರೆ ಸಾಕು. ಯಾರೆಂದು ನೀವೇ ಸೂಚಿಸಿದರೆ ಒಳ್ಳೆಯದು. ಫೆಬ್ರವರಿ ಎರಡನೇ ವಾರದಲ್ಲಿ, ಮಧ್ಯಾಹ್ನದ ಮಹಾಪೂಜೆ ಮುಗಿದು ಅವರ ಊಟವೂ ಆದ ಮೇಲೆ ಬರುತ್ತೇನೆ. ಒಬ್ಬೊಬ್ಬರ ಜೊತೆ ಅರ್ಧ ಗಂಟೆ. ಜಾತ್ರೆಯ ತಯಾರಿ ಶುರುವಾದರೆ ಅವರಿಗೆ ಪುರುಸೊತ್ತು ಇರುವುದಿಲ್ಲ, ಅದಕ್ಕೇ ಈಗಲೇ ಕೇಳುತ್ತಿದ್ದೇನೆ. ವಿಶೇಷ ಪೂಜೆ ಇರುವ ದಿನ ಬೇಡ. ಮಡಿಯಲ್ಲಿರುವಾಗ ಮಾತನಾಡಿಸಿ ತೊಂದರೆ ಕೊಡುವುದಿಲ್ಲ. ಹೊರಾಂಗಣದಲ್ಲಿ ಎಲ್ಲಿ ಕೂರಲು ಹೇಳಿದರೂ ಆಗುತ್ತದೆ.

ಒಪ್ಪಿದವರ ಧ್ವನಿಯನ್ನು ಮಾತ್ರ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡುತ್ತೇನೆ. ಫೋಟೋ, ವಿಡಿಯೋ ತೆಗೆಯುವುದಿಲ್ಲ. ಮಂತ್ರ, ತಂತ್ರದ ವಿಚಾರದಲ್ಲಿ ಹೊರಗೆ ಹೇಳಬಾರದ್ದು ಇದ್ದರೆ ಅದನ್ನು ಕೇಳುವುದೇ ಇಲ್ಲ. ಸಂಬಳ, ಆಡಳಿತ, ಮನೆಯ ವಿಷಯವೂ ಪ್ರಶ್ನೆಗಳಲ್ಲಿ ಇಲ್ಲ. ಬರೆದದ್ದನ್ನು ಮೊದಲು ಅವರಿಗೇ ಓದಿ ಹೇಳುತ್ತೇನೆ. ಬೇಡ ಎಂದ ಮಾತನ್ನು ತೆಗೆದುಹಾಕಿ, ಆಮೇಲೆ ಕಾಲೇಜಿಗೆ ಕೊಡುತ್ತೇನೆ. ನಿಮ್ಮನ್ನು ಕೇಳದೆ ಬೇರೆಲ್ಲೂ ಪ್ರಕಟಿಸುವುದಿಲ್ಲ. ದೇವಸ್ಥಾನಕ್ಕೂ ಒಂದು ಪ್ರತಿ ಕೊಡುತ್ತೇನೆ. ಮುಂದೆ ಕಲಿಯುವವರಿಗೆ ಅದು ಉಪಯೋಗಕ್ಕೆ ಬರಬಹುದು ಅಲ್ವಾ?

ವಿಭಾಗದ ಮುಖ್ಯಸ್ಥರ ಪತ್ರ, ನನ್ನ ಕಾಲೇಜು ಗುರುತಿನ ಚೀಟಿ ಮತ್ತು ಪ್ರಶ್ನೆಗಳ ಪಟ್ಟಿಯನ್ನು ಲಗತ್ತಿಸಿದ್ದೇನೆ. ಸರಿಯಲ್ಲ ಅನಿಸಿದ ಪ್ರಶ್ನೆಯನ್ನು ದಯವಿಟ್ಟು ಹೊಡೆದುಹಾಕಿ. ವ್ಯವಸ್ಥಾಪನಾ ಸಮಿತಿಯ ಒಪ್ಪಿಗೆ ಬೇಕಿದ್ದರೆ ಅರ್ಜಿ ಯಾರಿಗೆ ಕೊಡಬೇಕು ಎಂದು ತಿಳಿಸಿ, ಬರೆದು ತಂದುಕೊಡುತ್ತೇನೆ. ನೀವು ಹೇಳಿದ ದಿನ ಕಚೇರಿಗೆ ಬಂದು ಮುಖತಃ ವಿವರಿಸಲೂ ಸಿದ್ಧಳಿದ್ದೇನೆ. ಜನವರಿ ಕೊನೆಯೊಳಗೆ ಈ ಇಮೇಲ್‌ಗೆ ಉತ್ತರ ಸಿಕ್ಕಿದರೆ ದಿನ ಗೊತ್ತು ಮಾಡಿಕೊಳ್ಳಲು ಅನುಕೂಲ.

ವಂದನೆಗಳೊಂದಿಗೆ,
ಸ್ವಾತಿ ಕೆ.
ಅಂತಿಮ ಬಿ.ಎ., ಪತ್ರಿಕೋದ್ಯಮ ವಿಭಾಗ
ವಿವೇಕಾನಂದ ಕಾಲೇಜು, ಪುತ್ತೂರು