ಹದಿನಾಲ್ಕನೇ ಬೆಡ್

ರಾತ್ರಿ ಎರಡೂಕಾಲಿಗೆ ಹದಿನಾಲ್ಕನೇ ಬೆಡ್‌ನ ಯಲ್ಲವ್ವ ಎರಡನೇ ಸಲ ಐವಿ ಕಿತ್ತು ಹಾಕಿದರು. ಅನುಷಾ ವಾರ್ಡಿಗೆ ಬರುವಷ್ಟರಲ್ಲಿ ವಾರ್ಡ್‌ಬಾಯ್ ಅವರ ಎರಡೂ ಮಣಿಕಟ್ಟುಗಳನ್ನು ಬ್ಯಾಂಡೇಜಿನಿಂದ ಮಂಚದ ಸರಳಿಗೆ ಕಟ್ಟಿದ್ದ.

"ಬಿಡೋ, ನಾ ಮನಿಗಿ ಹೋಗ್ತೀನಿ! ಎಮ್ಮಿ ಕಟ್ಟಿಲ್ಲ ಇನ್ನಾ!"

ಗೋವಾದ ವಾಸ್ಕೋದಲ್ಲಿ ಗೌಂಡಿ ಕೆಲಸ ಮಾಡುವ ಮಗ ಬಸಪ್ಪ ಬಾಗಿಲ ಹತ್ತಿರ ಅಳುಮೋರೆ ಹಾಕಿಕೊಂಡು ನಿಂತಿದ್ದ. ಬಾಗಲಕೋಟೆ ಕಡೆಯ ಹಳ್ಳಿಯಿಂದ ಬಂದು ಅವ್ವನಿಗೆ ಇನ್ನೂ ತಿಂಗಳಾಗಿರಲಿಲ್ಲ. ಬಚ್ಚಲಲ್ಲಿ ಜಾರಿ ಸೊಂಟ ಮುರಿದಿತ್ತು. ಮಧ್ಯಾಹ್ನ ಒಂದಕ್ಕೆ ಬೆನ್ನಿಗೆ ಸ್ಪೈನಲ್ ಅರಿವಳಿಕೆ ಕೊಟ್ಟು ಆಪರೇಷನ್ ಮಾಡಿದ್ದರು. "ಹಿಂಗ ಎಂದೂ ಮಾಡಿಲ್ರಿ ಡಾಕ್ಟರ. ತಲಿ ಕೆಟ್ಟತೇನ್ರಿ?"

ಸಿಸ್ಟರ್ ಸಿರಿಂಜ್ ಹಿಡಿದೇ ಬಂದಿದ್ದರು. ರೋಗಿಯನ್ನು ಶಾಂತಗೊಳಿಸುವ ಸೆರೆನೇಸ್ ಬರೆದುಕೊಡಿ ಅಂದರು. ಥಿಯೇಟರಿನಲ್ಲಿದ್ದ ಸೀನಿಯರ್ ಫೋನಿನಲ್ಲಿ ಅದನ್ನೇ ಹೇಳಿದರು: "ಅರ್ಧ ಆಂಪೂಲ್ ಕೊಡು. ವಯಸ್ಸಾದವರಲ್ಲಿ ಆಪರೇಷನ್ ಆದಮೇಲೆ ಇದು ಆಗ್ತದೆ."

ಆಗುವುದು ನಿಜ. ಆದರೆ ಯಾಕೆ ಆಗುತ್ತಿದೆ ಎಂದು ನೋಡದೆ ಕೊಟ್ಟರೆ ಕೂಗು ನಿಲ್ಲುತ್ತದೆ, ಕಾರಣ ಒಳಗೇ ಬೆಳೆಯುತ್ತದೆ. "ಹತ್ತು ನಿಮಿಷ ಕೊಡಿ ಸರ್, ಒಮ್ಮೆ ನೋಡಿ ಹೇಳ್ತೀನಿ," ಅಂದಳು ಅನುಷಾ. ಧ್ವನಿ ನಡುಗಿತು. ಕಾಲ್ ಡ್ಯೂಟಿಯ ಮೊದಲ ರಾತ್ರಿ ಅದು.

ಮೊದಲು ಕೈಕಟ್ಟು ಬಿಚ್ಚಿದಳು. ಕಟ್ಟಿಹಾಕಿದಷ್ಟೂ ಗಾಬರಿ ಏರುತ್ತದೆ. ತಲೆಯ ಮೇಲಿನ ಟ್ಯೂಬ್‌ಲೈಟ್ ಹಾಕಿಸಿ, ಸ್ಟೂಲ್ ಎಳೆದುಕೊಂಡು ಯಲ್ಲವ್ವನ ಕಣ್ಣಿಗೆ ಸಮನಾಗಿ ಕೂತಳು. ಬೆರಳ ತುದಿ ಚುಚ್ಚಿ ನೋಡಿದ ಶುಗರ್ 138. ಆಕ್ಸಿಜನ್ 95. ಜ್ವರ ಇಲ್ಲ. ನಾಡಿ 116, ಬಿಪಿ 178/98. ಎರಡೂ ಕೈ ಎತ್ತಿದರು, ಮುಖ ಸೊಟ್ಟಗಾಗಿರಲಿಲ್ಲ. ನೋವು ಅಂದುಕೊಳ್ಳೋಣವೆಂದರೆ ಗಾಯದ ಕಡೆ ಅವರ ಕೈ ಒಮ್ಮೆಯೂ ಹೋಗಲಿಲ್ಲ. ಹೋಗುತ್ತಿದ್ದುದು ಕೆಳಹೊಟ್ಟೆಗೆ.

ಚಾರ್ಟ್ ತೆಗೆದಳು. ಮಧ್ಯಾಹ್ನದಿಂದ ಒಳಗೆ ಹೋದದ್ದು ಮೂರು ಲೀಟರ್ ಸಲೈನ್, ಒಂದು ಬಾಟಲಿ ರಕ್ತ. ಮೂತ್ರದ ಕಾಲಂನಲ್ಲಿ ಅಳತೆಯಿಲ್ಲ, 'ಡೈಪರ್ ಒದ್ದೆ' ಅಂತ ಮಾತ್ರ. ಮೋಸ ಇರುವುದೇ ಅಲ್ಲಿ. ಮೂತ್ರಕೋಶ ತುಂಬಿ ತುಳುಕುವಾಗಲೂ ಹನಿಹನಿಯಾಗಿ ಸೋರಿ ಡೈಪರ್ ಒದ್ದೆಯಾಗುತ್ತದೆ. ಸ್ಪೈನಲ್ ಕೊಟ್ಟಾಗ ಕಾಲಿಗೆ ಶಕ್ತಿ ಮರಳಿದ ಮೇಲೂ ಮೂತ್ರಕೋಶದ ನರಗಳು ಇನ್ನೂ ಕೆಲಹೊತ್ತು ಮರಗಟ್ಟಿಯೇ ಇರುತ್ತವೆ. ರಕ್ತ ಹಾಕುವ ಮುಂಚೆ ಅಲರ್ಜಿ ಆಗದಿರಲೆಂದು ರೂಢಿಯಂತೆ ಕೊಟ್ಟ ಏವಿಲ್ ಇಂಜೆಕ್ಷನ್ ಮೂತ್ರವನ್ನೂ ಹಿಡಿಯುತ್ತದೆ, ಮುದಿ ತಲೆಯನ್ನೂ ಕೆಡಿಸುತ್ತದೆ.

"ಅವ್ವಾ, ಹೊಟ್ಟಿ ಮುಟ್ಟಿ ನೋಡ್ಲ್ಯಾ?"

ಹೊಕ್ಕುಳದ ಕೆಳಗೆ ಎರಡು ಬೆರಳಷ್ಟರವರೆಗೂ ಗಟ್ಟಿ ಉಬ್ಬು. ತಟ್ಟಿದರೆ ಮಂದ ಸದ್ದು. ಒತ್ತಿದೊಡನೆ ಯಲ್ಲವ್ವ ಅವಳ ಕೈ ಗಪ್ಪನೆ ಹಿಡಿದರು. ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, "ಒಂದಕ್ಕ ಬರವಲ್ತು. ಗಂಡಸ್ರ ಮುಂದ ಹ್ಯಾಂಗ ಹೇಳ್ಲಿ," ಅಂದರು.

ಬಸಪ್ಪನನ್ನೂ ವಾರ್ಡ್‌ಬಾಯ್‌ನನ್ನೂ ಹೊರಗೆ ಕಳಿಸಿ ಸಿಸ್ಟರ್ ಪರದೆ ಎಳೆದರು. ಮೂತ್ರ ತೆಗೆಯಲು ಹದಿನಾಲ್ಕನೇ ನಂಬರಿನ ಫೋಲಿ ಕ್ಯಾತಿಟರ್, ಲಿಗ್ನೊಕೇನ್ ಜೆಲ್ಲಿ, ಬಲೂನಿಗೆ ಹತ್ತು ಎಂಎಲ್ ಡಿಸ್ಟಿಲ್ಡ್ ವಾಟರ್. ಆಪರೇಷನ್ ಆದ ಕಾಲನ್ನು ದಿಂಬಿನ ಮೇಲೆ ಅಲುಗಾಡದಂತೆ ಇಟ್ಟು, ಇನ್ನೊಂದು ಮೊಣಕಾಲನ್ನಷ್ಟೇ ಮಡಿಸಿ ಸಿಸ್ಟರ್ ಹಿಡಿದುಕೊಂಡರು. ಪ್ರತಿ ಸಲ ಮುಟ್ಟುವ ಮೊದಲು ಅನುಷಾ ಹೇಳಿದಳು: ಈಗ ತಣ್ಣಗಾಗ್ತದ, ಈಗ ಚೂರು ಉರೀತದ. ಮೊದಲ ನಳಿಗೆ ಯೋನಿಯೊಳಗೆ ಹೋಯಿತು, ಏನೂ ಬರಲಿಲ್ಲ. ಅವಳು ಹೊರಗೆಳೆಯಲು ಹೋದಳು. "ತೆಗೀಬೇಡಿ ಡಾಕ್ಟರ್, ಗುರುತಿಗೆ ಅಲ್ಲೇ ಇರಲಿ," ಎಂದು ಸಿಸ್ಟರ್ ಹಿಂದಿಯಲ್ಲಿ ಹೇಳಿ ಹೊಸದನ್ನು ಬಿಡಿಸಿಕೊಟ್ಟರು. ವಯಸ್ಸಾದ ಹೆಂಗಸರಲ್ಲಿ ಮೂತ್ರದ್ವಾರ ಒಳಕ್ಕೆ ಸರಿದಿರುತ್ತದೆ. ಗುರುತಿನ ಮೇಲ್ಗಡೆ ಹುಡುಕಿದರೆ ಸಿಗುತ್ತದೆ. ಸಿಕ್ಕಿತು. ಮೂತ್ರ ಬಂದಮೇಲೂ ಇನ್ನಷ್ಟು ಒಳಗೆ ದಾಟಿಸಿ ಆಮೇಲೆ ಬಲೂನ್ ತುಂಬಿದಳು. ಬಲೂನನ್ನು ಮೂತ್ರನಾಳದಲ್ಲೇ ತುಂಬಿದರೆ ನಾಳ ಹರಿದುಹೋಗಬಹುದು. ಗುರುತಿನ ನಳಿಗೆಯನ್ನು ಕೊನೆಗೆ ತೆಗೆದಳು.

ಹತ್ತು ನಿಮಿಷದಲ್ಲಿ ಚೀಲದಲ್ಲಿ 950 ಎಂಎಲ್. ಬಣ್ಣ ತಿಳಿಯಾಗಿತ್ತು, ರಕ್ತವಿಲ್ಲ. ನಾಡಿ 88, ಬಿಪಿ 140/84.

ಯಲ್ಲವ್ವ ಪೂರ್ತಿ ಸರಿಹೋಗಲಿಲ್ಲ. ಎಮ್ಮೆಯನ್ನು ಯಾರಾದರೂ ಕಟ್ಟಿದರಾ ಎಂದು ಮತ್ತೊಮ್ಮೆ ಕೇಳಿದರು. ಆದರೆ ಕೂಗಲಿಲ್ಲ, ಹೊಸ ಐವಿ ಹಾಕುವಾಗ ಕೈ ತಾವೇ ಚಾಚಿದರು.

ಸೀನಿಯರ್‌ಗೆ ಫೋನ್ ಹಚ್ಚಿದಳು. ಆ ಕಡೆ ಒಂದು ಕ್ಷಣ ಮೌನ. "ಸೆರೆನೇಸ್ ಬೇಡ ಹಾಗಾದ್ರೆ. ಸೋಡಿಯಂ ನೋಡೋಕೆ ರಕ್ತ ಕಳಿಸು. ಬೆಳಿಗ್ಗೆ ರೌಂಡ್ಸಲ್ಲಿ ನೀನೇ ಹೇಳು."

ಅವಳು ಬರೆದಳು: ಏವಿಲ್ ನಿಲ್ಲಿಸುವುದು. ಗಂಟೆಗೊಮ್ಮೆ ಮೂತ್ರದ ಅಳತೆ. ಕೈಕಟ್ಟು ಬೇಡ. ಕ್ಯಾತಿಟರ್ ತೆಗೆಯುವ ಬಗ್ಗೆ ನಾಳೆ ನಿರ್ಧಾರ. ತೆಗೆದ ಮೇಲೆ ಆರು ಗಂಟೆಯೊಳಗೆ ಮೂತ್ರ ಆಯಿತೇ ಎಂದು ಹೆಂಗಸರೇ ಕೇಳುವುದು.

ಹೊರಗೆ ಬಸಪ್ಪ ಎದ್ದು ನಿಂತ. "ತಲಿ ಕೆಟ್ಟಿಲ್ಲಲ್ರಿ?"

"ಇಲ್ರಿ. ಅವ್ವಾರ ಚಸ್ಮಾ ಎಲ್ಲೈತಿ? ತಂದು ಹಾಕ್ರಿ. ಅವರಿಗೆ ನಿಮ್ಮ ಮಾರಿ ಕಾಣೂಹಂಗ ಕುಂದರ್ರಿ. ಎಮ್ಮಿ ಕಟ್ಟೀವಿ ಅಂತ ಸುಳ್ಳ ಹೇಳಬ್ಯಾಡ್ರಿ. ಇದು ದವಾಖಾನಿ, ಸೊಂಟದ ಆಪರೇಷನ್ ಆಗೇತಿ, ನಾ ಇಲ್ಲೇ ಅದೀನಿ ಅಂತ ಹೇಳ್ಕೋತ ಇರ್ರಿ."

ಅವನು ಚೀಲ ತಡಕಾಡುತ್ತಿರುವಾಗಲೇ ಐದನೇ ಬೆಡ್‌ನವರ ಡ್ರೈನ್ ಚೀಲ ತುಂಬಿದೆ ಎಂದು ಸಿಸ್ಟರ್ ಕರೆದರು.