ಘಾಟು: ಟ್ರೇಲರ್ ಸ್ಕ್ರಿಪ್ಟ್

6 ಎಪಿಸೋಡಿನ ವೆಬ್ ಸೀರೀಸ್. ಟ್ರೇಲರ್ ಅವಧಿ 1 ನಿಮಿಷ 50 ಸೆಕೆಂಡ್.

ಎಡಿಟರ್‌ಗೆ: ನಾಲ್ಕನೇ ಎಪಿಸೋಡಿನ ಆಚೆಗಿನ ಒಂದು ಫ್ರೇಮೂ ಇಲ್ಲಿ ಬರಬಾರದು. ಮೆಣಸಿನಕಾಯಿ ಕದ್ದವರು ಯಾರು ಅನ್ನೋದು ನಮ್ಮ ಟ್ರೇಲರ್ ಅಲ್ಲ. ಗಿರಿಜಾ ಎಂಥ ಇಕ್ಕಟ್ಟಿಗೆ ಸಿಕ್ಕಿದ್ದಾಳೆ ಅನ್ನೋದಷ್ಟೇ.

ಕಪ್ಪು ಪರದೆ. ಯಾರೋ ಸೀನುತ್ತಾರೆ. ಇನ್ನೊಬ್ಬರು. ಆಮೇಲೆ ಇಡೀ ಪೇಟೆ.

ಬ್ಯಾಡಗಿ ಎಪಿಎಂಸಿ, ಗುರುವಾರ ಬೆಳಗ್ಗೆ. ಮೇಲಿನಿಂದ ನೋಟ. ಕಣ್ಣು ಹಾಯುವಷ್ಟು ದೂರ ಕೆಂಪು. ರಾಶಿಗಳ ನಡುವೆ ಬಾಯಿಗೆ ಟವೆಲ್ ಕಟ್ಟಿಕೊಂಡ ಹಮಾಲರು.

ತೀರಾ ಹತ್ತಿರದಿಂದ: ಡಬ್ಬಿ ತಳಿಯ ಒಂದು ಮೆಣಸಿನಕಾಯಿ. ಸುಕ್ಕು ಸುಕ್ಕು ಸಿಪ್ಪೆ. ಗಿರಿಜಾ (26) ಉಗುರಲ್ಲಿ ಸೀಳುತ್ತಾಳೆ. ಬೀಜ ಉದುರುತ್ತವೆ. ಉಗುರಿಗೆ ಹತ್ತಿದ ಬಣ್ಣ ಒರೆಸಿದರೂ ಹೋಗುವುದಿಲ್ಲ.

ಗಿರಿಜಾ (ಹಿನ್ನೆಲೆ ದನಿ): ನಮ್ಮೂರ ಕಾಯಿ ಖಾರಕ್ಕ ಹೆಸರಾಗಿಲ್ರೀ. ಬಣ್ಣಕ್ಕ.

ಕಟ್. ಮನೆ. ತಂಗಿ ಕನ್ನಡಿ ಮುಂದೆ ಲಿಪ್‌ಸ್ಟಿಕ್ ಹಚ್ಚಿಕೊಳ್ಳುತ್ತಿದ್ದಾಳೆ.

ಗಿರಿಜಾ: ಅದರಾಗೂ ನಮ್ಮ ಕಾಯಿ ಬಣ್ಣ ಇರತೈತಿ, ಗೊತ್ತೇನ?

ತಂಗಿ: ಹಂಗಾರ ನಾ ಯಾಕ ರೊಕ್ಕ ಕೊಟ್ಟೆ?

ದಲಾಲಿ ಅಂಗಡಿ. ಗಾದಿ ಮೇಲೆ ಅಪ್ಪ. ಪಕ್ಕದಲ್ಲಿ ಗಿರಿಜಾ ಲೆಕ್ಕ ಬರೆಯುತ್ತಿದ್ದಾಳೆ. ರೈತ ಫಕ್ಕೀರಪ್ಪ ಪ್ಲಾಸ್ಟಿಕ್ ಚೀಲದಿಂದ ಮಡಚಿದ ರಶೀದಿ ತೆಗೆಯುತ್ತಾನೆ.

ಫಕ್ಕೀರಪ್ಪ: ರೇಟ್ ಬಿದ್ದಿತ್ತಂತ ಇಟ್ಟಿದ್ನಿ ಸಾವ್ಕಾರ್ರ. 84 ಚೀಲ. ಈಗ ತಗೀರಿ, ಮಗಳ ಮದುವಿ ಐತಿ.

ಕೋಲ್ಡ್ ಸ್ಟೋರೇಜ್. ದಪ್ಪ ಬಾಗಿಲು ತೆರೆಯುತ್ತದೆ. ಥಂಡಿ ಹೊಗೆ. ಹಮಾಲ ಮಾಬುಸಾಬ ಚೀಲಕ್ಕೆ ಕೊಕ್ಕೆ ಹಾಕಿ ಎಳೆಯುತ್ತಾನೆ. ಹೊಲಿಗೆ ಬಿಚ್ಚುತ್ತದೆ. ಒಂದು ಕಾಯಿ ಮುರಿದು ಬಾಯಿಗಿಡುತ್ತಾನೆ. ಕಣ್ಣಲ್ಲಿ ನೀರು.

ಮಾಬುಸಾಬ: ಅಕ್ಕಾರ... ಇದು ಭಾಳ ಖಾರ ಐತ್ರೀ.

ಮ್ಯೂಸಿಕ್ ನಿಲ್ಲುತ್ತದೆ. ಗಿರಿಜಾಳ ಮುಖ, ಪೂರ್ತಿ 3 ಸೆಕೆಂಡ್. (ಇದನ್ನು ದಯವಿಟ್ಟು ಕತ್ತರಿಸಬೇಡಿ. ಬ್ಯಾಡಗಿ ಕಾಯಿ ತಿಂದವರಿಗೆ ಆ ಒಂದು ಮಾತು ಸಾಕು. ತಿನ್ನದವರಿಗೆ ಈ ಮುಖ ಬೇಕು.)

ಪರದೆ ಮೇಲೆ ಅಕ್ಷರ: ಚೀಲದ ಮೇಲೆ ಅಪ್ಪನ ಅಂಗಡಿ ಗುರುತು.

ಅಕ್ಷರ: ಒಳಗೆ ಯಾರದೋ ಕಾಯಿ.

ಇಲ್ಲಿಂದ ಹಲಗೆ ಬಡಿತ. ಕಟ್‌ಗಳು ಚುರುಕಾಗಲಿ.

ಮೋಟೆಬೆನ್ನೂರು ಹೈವೇ, ರಾತ್ರಿ. ಲೈಟು ಆರಿಸಿಕೊಂಡ ಲಾರಿಯೊಂದು ಪಕ್ಕದ ದಾರಿಗೆ ಇಳಿಯುತ್ತದೆ.

ಖರೀದಿದಾರ (ಕಾಯಿ ರಾಶಿ ಒದ್ದು): ಚೀಲದ ಮ್ಯಾಲೆ ಬ್ಯಾಡಗಿ ಅಂತ ಬರದ್ರ ಬ್ಯಾಡಗಿ ಆಗತೈತೇನ?

ಅಪ್ಪ: ನನ್ನ ಸಹಿ ನೋಡಿ ಮಂದಿ ಮಾಲ್ ಇಟ್ಟು ಮನಿಗೆ ಹೋಗ್ಯಾರ. ರಾತ್ರಿ ನಿದ್ದಿ ಮಾಡ್ಯಾರ.

ಅಂಗಡಿ ಮುಂದೆ ರೈತರು. ಒಬ್ಬರೂ ಕೂಗುವುದಿಲ್ಲ, ಸುಮ್ನೆ ನಿಂತಿದ್ದಾರೆ. ಕೂಗಾಟಕ್ಕಿಂತ ಇದೇ ಜಾಸ್ತಿ ಹೆದರಿಸುತ್ತದೆ, ಹಾಗಾಗಿ ಗದ್ದಲದ ಶಾಟ್ ಬಳಸಬೇಡಿ. ಎಲ್ಲರ ಕೈಯಲ್ಲೂ ಅದೇ ಬಣ್ಣದ ರಶೀದಿ.

ಫಕ್ಕೀರಪ್ಪ: ಹದಿನೆಂಟ ದಿನ ಉಳದೈತಿ ಯವ್ವಾ. ಕಾಯಿ ಕೊಡ್ರಿ, ಇಲ್ಲಾ ರೊಕ್ಕ ಕೊಡ್ರಿ. ಕತಿ ಹೇಳಬ್ಯಾಡ್ರಿ.

ಶಟರ್ ಧಡಾರ್ ಅಂತ ಕೆಳಗೆ ಬೀಳುತ್ತದೆ.

ಅಡುಗೆಮನೆ. ಅವ್ವ ರೊಟ್ಟಿ ಬಡಿಯುತ್ತಿದ್ದಾಳೆ. ತಿರುಗಿ ನೋಡುವುದಿಲ್ಲ.

ಅವ್ವ: ನಿನ್ನ ಲೆಕ್ಕಾ ಬರಿಯಾಕ ಕುಂದ್ರಿಸ್ಯಾರ ಗಿರಿಜಾ. ತಗಿಯಾಕಲ್ಲ.

ಬಡಿತ ನಿಲ್ಲುತ್ತದೆ. ಪೊಲೀಸ್ ಸ್ಟೇಷನ್. ಪಿಎಸ್‌ಐ ಲೆಕ್ಕದ ಪುಸ್ತಕ ಗಿರಿಜಾಳ ಕಡೆ ತಿರುಗಿಸುತ್ತಾರೆ. ಅವಳ ಬೆರಳು ಒಂದು ಸಾಲಿನ ಮೇಲೆ ನಿಲ್ಲುತ್ತದೆ. ಉಗುರಿನ ಕೆಂಪು ಇನ್ನೂ ಹಾಗೇ ಇದೆ.

ಪಿಎಸ್‌ಐ: ಈ ಅಕ್ಷರ ಯಾರದವ್ವಾ?

ಗಿರಿಜಾ: ನಂದ ರೀ. (ತಡೆದು) ಆದ್ರ ನಾ ಬರದಿಲ್ಲ.

ಬಡಿತ ಮತ್ತೆ, ಈ ಸಲ ಎರಡು ಪಟ್ಟು ಜೋರು. ಹರಿದ ಹಾಳೆ. ಮಳೆಯಲ್ಲಿ ನೆನೆಯುತ್ತಿರುವ ಚೀಲಗಳು. ಬ್ಯಾಡಗಿ ಸ್ಟೇಷನ್‌ನಿಂದ ಹೊರಟ ರೈಲಿನ ಹಿಂದೆ ಓಡುವ ಮಾಬುಸಾಬ. ಕಳಚಿಟ್ಟ ಅಪ್ಪನ ಟೋಪಿ, ಗಾದಿ ಖಾಲಿ.

ಕತ್ತಲ ಗೋದಾಮು. ಒಂದು ಕೈ ಬೊಗಸೆ ಕಾಯಿಯನ್ನು ಬೆಂಕಿಗೆ ಸುರಿಯುತ್ತದೆ. ಹೊಗೆ. ಗಿರಿಜಾ ಕೆಮ್ಮುತ್ತ ಬಾಗಿಲಿಗೆ ಬರುತ್ತಾಳೆ. ಹೊರಗಿನಿಂದ ಚಿಲಕ. ಸಂದಿಯಲ್ಲಿ ಯಾರದೋ ನೆರಳು. (ನೆರಳು ಮಾತ್ರ. ಚಪ್ಪಲಿ ಕೂಡ ಕಾಣಬಾರದು, ಜನ ನಿಲ್ಲಿಸಿ ನಿಲ್ಲಿಸಿ ನೋಡ್ತಾರೆ!)

ಗಿರಿಜಾ (ಬಾಗಿಲು ಬಡಿಯುತ್ತ): ನೀ ಅಂತ ಗೊತ್ತೈತಿ ನನಗ! ಬಾಗ್ಲಾ ತಗಿ!

ಬೆಂಕಿ ಕೆಂಪಿನಿಂದ ಹೆಸರು ಮೂಡುತ್ತದೆ: ಘಾಟು

ಹೆಸರಾದ ಮೇಲೆ. ಸ್ಟೇಷನ್, ಹಗಲು. ಕಾನ್‌ಸ್ಟೆಬಲ್ ಬೆವರು ಒರೆಸುತ್ತ ಒಳಗೆ ಬರುತ್ತಾನೆ.

ಕಾನ್‌ಸ್ಟೆಬಲ್: ಸರ್, ಮಾಲ್ ಜಪ್ತಿ ಆತ್ರೀ. ಇಲ್ಲೇ ಇಳಸ್ಲೇನ್ರಿ?

ಪಿಎಸ್‌ಐ: ಎಷ್ಟ ಚೀಲ?

ಕಾನ್‌ಸ್ಟೆಬಲ್: 84 ರೀ.

ಪಿಎಸ್‌ಐ (ಎರಡು ಟೇಬಲ್ಲಿನ ಸ್ಟೇಷನ್ ಸುತ್ತ ನೋಡಿ): ಮತ್ತ ನಾವೆಲ್ಲಿ ಕುಂದ್ರೂಣು?

ಅಕ್ಷರ: ಈ ದೀಪಾವಳಿಗೆ. ಆರೂ ಎಪಿಸೋಡು ಒಂದೇ ದಿನ.